ಇಎಸ್‌ಐ ಆಸ್ಪತ್ರೆ ಸೇರಿದವರಿಗೆ ಮಾತ್ರವೇ? ಮನೆಯಲ್ಲಿ ಮಲಗಿದರೂ ಹಣ ಬರುತ್ತದೆ

"ಇಎಸ್‌ಐ ಕಾರ್ಡ್ ಇದ್ದರೆ ಆಸ್ಪತ್ರೆ ಖರ್ಚು ಉಳಿಯುತ್ತದೆ, ಅಷ್ಟೇ." ಇದನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದೆ ಸಂಬಳ ತಪ್ಪಿದ ದಿನಗಳಿಗೆ ಇಎಸ್‌ಐ ನಗದು ಕೊಡುತ್ತದೆ. ಅದಕ್ಕೆ ಆಸ್ಪತ್ರೆಯಲ್ಲಿ ದಾಖಲಾಗಿರಬೇಕೆಂಬ ನಿಯಮವಿಲ್ಲ.

ಯಲ್ಲಾಪುರ ತಾಲೂಕಿನ ನಂದೊಳ್ಳಿಯ ಯುವತಿಯೊಬ್ಬಳು ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಕೆಲವು ವರ್ಷಗಳಿಂದ ದುಡಿಯುತ್ತಿದ್ದಾಳೆ ಎಂದುಕೊಳ್ಳಿ. ತಿಂಗಳಿಗೆ 15,000 ರೂಪಾಯಿ, ಅಂದರೆ ದಿನಕ್ಕೆ 500. ಅವಳ ಸಂಬಳದಿಂದ ಶೇ 0.75, ಸುಮಾರು 113 ರೂಪಾಯಿ ಕಡಿತವಾಗುತ್ತದೆ. ಮಾಲೀಕರು ತಮ್ಮ ಕಡೆಯಿಂದ ಶೇ 3.25 ಕಟ್ಟುತ್ತಾರೆ. ಫೆಬ್ರವರಿಯಲ್ಲಿ ಅವಳಿಗೆ ಕಾಮಾಲೆಯಾಗಿ 12 ದಿನ ಕೆಲಸ ತಪ್ಪಿತು.

ಈಗ ಇಎಸ್‌ಐ ನೋಡುವುದು ಫೆಬ್ರವರಿಯ ಸಂಬಳವನ್ನಲ್ಲ, ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕವನ್ನು. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನಗಳಿಗೆ ವಂತಿಗೆ ಕಟ್ಟಿದ್ದರೆ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಭತ್ಯೆಗೆ ಅರ್ಹತೆ ಸಿಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆ ಜುಲೈನಿಂದ ಡಿಸೆಂಬರ್‌ಗೆ ನೆರವಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಗದ್ದೆ ನಾಟಿಗೆಂದು ಸಂಬಳವಿಲ್ಲದೆ ಬಹಳ ದಿನ ಊರಲ್ಲಿ ಉಳಿದರೆ, ಅದರ ಪೆಟ್ಟು ಮುಂದಿನ ಬೇಸಿಗೆಯಲ್ಲಿ ಬೀಳಬಹುದು!

ಭತ್ಯೆಯ ದರ ಸರಾಸರಿ ದಿನಗೂಲಿಯ ಶೇ 70, ಅಂದರೆ ಅವಳಿಗೆ ದಿನಕ್ಕೆ 350. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಉಳಿದ 10 ದಿನಕ್ಕೆ 3,500 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಹೀಗೆ ವರ್ಷಕ್ಕೆ 91 ದಿನಗಳವರೆಗೆ ಪಡೆಯಬಹುದು. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ ಬೇರೆ ಷರತ್ತುಗಳೊಂದಿಗೆ ಶೇ 80ರ ದರದಲ್ಲಿ ಇನ್ನೂ ಹೆಚ್ಚು ಕಾಲ ಸಿಗುತ್ತದೆ.

ಹಣ ಕೈತಪ್ಪುವುದು ಹೆಚ್ಚಾಗಿ ಒಂದು ಚೀಟಿಯಿಂದ. ಜ್ವರ ಬಂದೊಡನೆ ಅವಳು ಬಸ್ಸು ಹತ್ತಿ ಊರಿಗೆ ಬಂದು, ಖಾಸಗಿ ವೈದ್ಯರಿಗೆ ತೋರಿಸಿ ಅಥವಾ ನಾಟಿ ಔಷಧಿ ಕುಡಿದು ಮಲಗಿಬಿಟ್ಟರೆ ದಾಖಲೆ ಇರುವುದಿಲ್ಲ. ಮೊದಲ ದಿನವೇ ಇಎಸ್‌ಐ ಚಿಕಿತ್ಸಾಲಯದ ವೈದ್ಯರಿಗೆ ತೋರಿಸಿ ರಜೆಯ ವೈದ್ಯಕೀಯ ಪ್ರಮಾಣಪತ್ರ ಪಡೆಯಬೇಕು. ಗುಣವಾದ ಮೇಲೆ ಕೆಲಸಕ್ಕೆ ಮರಳಲು ಕೊನೆಯ ಪ್ರಮಾಣಪತ್ರವೂ ಬೇಕು. ಇವುಗಳ ಆಧಾರದ ಮೇಲೆ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ. ಅದೇ ದಿನಗಳಿಗೆ ಕಾರ್ಖಾನೆಯಿಂದ ಸಂಬಳದ ರಜೆ ಪಡೆದಿದ್ದರೆ ಈ ಭತ್ಯೆ ಸಿಗದು.

ಹೆರಿಗೆಯ ಲೆಕ್ಕ ಇನ್ನೂ ದೊಡ್ಡದು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಸಾಕು, ದರ ಪೂರ್ತಿ ಕೂಲಿ. ಮೊದಲ ಎರಡು ಮಕ್ಕಳಿಗೆ 26 ವಾರ, ಅಂದರೆ 182 ದಿನ. ನಮ್ಮ ಯುವತಿಗೆ ಅದು 91,000 ರೂಪಾಯಿ. ಇದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ಪಡೆಯಬಹುದು. ಗರ್ಭಪಾತವಾದರೂ ಆರು ವಾರದ ಭತ್ಯೆ ಇದೆ. ಇದು ಅನೇಕರಿಗೆ ಗೊತ್ತೇ ಇಲ್ಲ.

ಸಂಬಳದ ಚೀಟಿಯಲ್ಲಿ ಕಡಿತ ಕಂಡ ಮಾತ್ರಕ್ಕೆ ವಂತಿಗೆ ಜಮೆಯಾಗಿದೆ ಎಂದಲ್ಲ. ನಿಮ್ಮ 10 ಅಂಕಿಯ ವಿಮಾ ಸಂಖ್ಯೆಯಿಂದ www.esic.gov.in ಪೋರ್ಟಲ್‌ಗೆ ಹೋಗಿ ತಿಂಗಳವಾರು ದಿನಗಳನ್ನು ನೋಡಿ. ಕಡಿಮೆ ಕಂಡರೆ ಕಾಯಿಲೆ ಬರುವವರೆಗೆ ಕಾಯದೆ, ಸಂಬಳದ ಚೀಟಿಗಳೊಂದಿಗೆ ಶಾಖಾ ಕಚೇರಿಗೆ ದೂರು ಕೊಡಿ.