265 ಎಂದರೆ ಯಾವ 265?

ಪಿಎಚ್.ಡಿ.ಗೆ ಸೇರಿದವರು ಲೈಬ್ರರಿಯಲ್ಲಿ ಈಗ ಮೊದಲು ಮಾಡುವುದು ಜರ್ನಲ್‌ಗಳ ಅಬ್‌ಸ್ಟ್ರಾಕ್ಟ್ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ಹೊಡೆಯುವ ಕೆಲಸ. ಓದು ಆಮೇಲೆ. ತಿಂಗಳು ಕಳೆಯುವಷ್ಟರಲ್ಲಿ ಯಾವ ಫೋಟೋ ಯಾವ ಪ್ರಬಂಧದ್ದು ಎಂಬುದೇ ಮರೆತಿರುತ್ತದೆ. ಹಾಗಾಗಿ ಅಬ್‌ಸ್ಟ್ರಾಕ್ಟಿನ ಜತೆ ಲೇಖಕರ ಹೆಸರು, ಜರ್ನಲ್, ವರ್ಷ, ಪುಟಸಂಖ್ಯೆಯೂ ಫ್ರೇಮಿನೊಳಗೆ ಬರಲಿ. ಫೋಟೋಗೊಂದು ನಂಬರು ಕೊಟ್ಟು, ಎಕ್ಸೆಲ್‌ನಲ್ಲಿ ಅದೇ ನಂಬರಿನ ಸಾಲು ತೆರೆಯಿರಿ. ಉದ್ದೇಶ, ವಿಧಾನ, ಸ್ಯಾಂಪಲ್, ಫಲಿತಾಂಶ ಎಂದು ನಾಲ್ಕು ಕಾಲಂ ಸಾಕು.

ಪಂಚಾಯಿತಿಯಲ್ಲಿ ಮಹಿಳಾ ಮೀಸಲಾತಿ ನಿಮ್ಮ ವಿಷಯ ಎನ್ನೋಣ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೊ 2004ರಲ್ಲಿ 'ಎಕನಾಮೆಟ್ರಿಕಾ'ದಲ್ಲಿ ಬರೆದ ಪ್ರಬಂಧವನ್ನು ಬಿಡುವಂತಿಲ್ಲ. ಉದ್ದೇಶದ ಕಾಲಂ ಸುಲಭ: ಮಹಿಳೆಯರ ನಾಯಕತ್ವ ಪಂಚಾಯಿತಿಯ ತೀರ್ಮಾನಗಳನ್ನು ಬದಲಿಸುತ್ತದೆಯೇ? ವಿಧಾನದಲ್ಲಿ ಅವಸರ ಬೇಡ. ಬರೀ 'ಪ್ರಯೋಗ' ಎಂದು ಬರೆದರೆ ಸಂಶೋಧಕರೇ ಪಂಚಾಯಿತಿಗಳನ್ನು ಹಂಚಿದಂತಾಗುತ್ತದೆ. ಅಧ್ಯಕ್ಷ ಸ್ಥಾನಗಳಲ್ಲಿ ಮೂರನೇ ಒಂದು ಭಾಗ ಮೀಸಲಾತಿ ನಿಯಮದಂತೆ ಯಾದೃಚ್ಛಿಕವಾಗಿ ಮಹಿಳೆಯರಿಗೆ ಹೋಗಿತ್ತು. ಇವರು ಮಾಡಿದ್ದು ಮೀಸಲು ಮತ್ತು ಮೀಸಲಲ್ಲದ ಪಂಚಾಯಿತಿಗಳ ಹೋಲಿಕೆ.

ಸ್ಯಾಂಪಲ್‌ನಲ್ಲಿ ಹೆಚ್ಚಿನವರು '265' ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. 265 ಏನು? ಮಹಿಳೆಯರಲ್ಲ, ಮನೆಗಳಲ್ಲ, ಗ್ರಾಮ ಪಂಚಾಯಿತಿಗಳು. ಫೋಟೋದಲ್ಲಿ ಬೈಂಡಿಂಗ್ ಕಡೆಯ ಅಕ್ಷರ ಬಾಗಿದ್ದರೆ ಆ 6 ಸಲೀಸಾಗಿ 8 ಆಗುತ್ತದೆ. ಆದ್ದರಿಂದ ಅಂಕಿಗಳನ್ನು ಫೋಟೋ ಜೂಮ್ ಮಾಡಿಯೇ ತುಂಬಬೇಕು, ನೆನಪಿನಿಂದಲ್ಲ. ಅಬ್‌ಸ್ಟ್ರಾಕ್ಟ್ 'ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನ' ಎನ್ನುತ್ತದೆ. ಒಳಗೆ ನೋಡಿದರೆ ಅಧ್ಯಯನ ನಡೆದದ್ದು ಬೀರ್‌ಭೂಮ್ ಮತ್ತು ಉದಯಪುರ ಎಂಬ ಎರಡೇ ಜಿಲ್ಲೆಗಳಲ್ಲಿ. ಹೀಗಾಗಿ ಐದನೆಯದಾಗಿ ಒಂದು ಸಣ್ಣ ಕಾಲಂ ಇಟ್ಟು, ಆ ಸಾಲು ಅಬ್‌ಸ್ಟ್ರಾಕ್ಟಿನಿಂದ ತುಂಬಿದ್ದೋ ಪೂರ್ತಿ ಪ್ರಬಂಧದಿಂದಲೋ ಎಂದು ಗುರುತು ಹಾಕುವುದು ವಾಸಿ.

ಸಾಲು ತುಂಬಿದ ಮೇಲೆ ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ಓದಬೇಕು, ಅದರ ಉಪಯೋಗ ಇರುವುದೇ ಅಲ್ಲಿ. ಮುಂದಿನ ಸಾಲಿನಲ್ಲಿ ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ಅವರ 2008ರ ಪ್ರಬಂಧವಿದೆ ಎಂದುಕೊಳ್ಳಿ. ಮೊದಲ ಸಾಲಿನ ಫಲಿತಾಂಶ: ನಾಯಕರು ತಮ್ಮ ಲಿಂಗದವರ ಅಗತ್ಯಕ್ಕೆ ಹೆಚ್ಚು ಖರ್ಚು ಮಾಡುತ್ತಾರೆ. ಎರಡನೆಯದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಯಾರು ಸರಿ ಎಂದು ಕೇಳುವ ಮೊದಲು ಸ್ಯಾಂಪಲ್ ಕಾಲಂ ನೋಡಿ: ಎರಡನೆಯದು ಕರ್ನಾಟಕವೂ ಸೇರಿದ ನಾಲ್ಕು ದಕ್ಷಿಣ ರಾಜ್ಯಗಳದ್ದು. ಊರು ಬೇರೆ, ಪಂಚಾಯಿತಿಯ ಚರಿತ್ರೆಯೂ ಬೇರೆ.

ಮೊದಲ ಸಾಲಿನ 'ತಮ್ಮ ಲಿಂಗದವರ ಅಗತ್ಯ' ಎಂಬ ಮಾತೂ ಅಷ್ಟು ಸರಳವಲ್ಲ. ಪೂರ್ತಿ ಪ್ರಬಂಧದ ಪ್ರಕಾರ ಮಹಿಳಾ ಅಧ್ಯಕ್ಷರಿದ್ದ ಕಡೆ ಕುಡಿಯುವ ನೀರಿಗೆ ಎರಡೂ ರಾಜ್ಯಗಳಲ್ಲಿ ಹೆಚ್ಚು ಹಣ ಹೋಗಿದೆ. ರಸ್ತೆಗೆ ಮಾತ್ರ ಬಂಗಾಳದಲ್ಲಿ ಹೆಚ್ಚು, ರಾಜಸ್ಥಾನದಲ್ಲಿ ಕಡಿಮೆ. ಫಲಿತಾಂಶದ ಆ ಒಂದು ಖಾನೆಯನ್ನು ರಾಜ್ಯಕ್ಕೊಂದರಂತೆ ಎರಡು ಮಾಡಬೇಕಾಗುತ್ತದೆ.