ಗೋಡೆಯಿಂದ ಅಳೆದೆ, ಆದರೆ ಯಾವ ಗೋಡೆಯಿಂದ?

ಹುಲಗೋಳದ ಮನೆಗೆ ಹೊಸ ಬಾತ್‌ರೂಮ್ ಕಟ್ಟಿಸುವಾಗ ಟೇಪು ಹಿಡಿದು ಅಳತೆ ತೆಗೆದವನು ನಾನೇ. ಚಿರೆಕಲ್ಲಿನ ಗೋಡೆಯಿಂದ ನೆಲದ ಪೈಪಿನ ಮಧ್ಯಕ್ಕೆ 225 ಮಿ.ಮೀ. ಬಂತು. ಅದೇ ಅಳತೆಯ ಎಸ್-ಟ್ರ್ಯಾಪ್ ಕಮೋಡ್ ಆರ್ಡರ್ ಮಾಡಿಬಿಟ್ಟೆ.

ಟೈಲ್ಸ್ ಮುಗಿದ ಮೇಲೆ ಕಮೋಡ್ ಕೂರಿಸಲು ಹೋದ ಮೇಸ್ತ್ರಿ, "ಹೆಗಡೇರೇ, ಇದು ಕೂರೂದಿಲ್ಲ" ಅಂದ್ರು. ಟ್ಯಾಂಕು ಗೋಡೆಗೆ ತಾಗ್ತಿತ್ತು, ಕಮೋಡಿನ ಬಾಯಿ ಪೈಪಿನ ನೇರಕ್ಕೆ ಬರ್ತಿರಲಿಲ್ಲ. ಪ್ಲಾಸ್ಟರ್ 15, ಟೈಲ್ 8, ಅದರಡಿಯ ಸಿಮೆಂಟು 12. ಒಟ್ಟು 35 ಮಿ.ಮೀ. ಗೋಡೆ ಮುಂದೆ ಬಂದಿತ್ತು! ಉಳಿದದ್ದು 190 ಮಾತ್ರ.

ಕಮೋಡಿನ ಮೇಲೆ ಬರೆದ 225 ಅನ್ನೋದು ಟೈಲ್ಸ್ ಹಾಕಿದ ಗೋಡೆಯಿಂದ ಲೆಕ್ಕ. ಬರಿಗೋಡೆಯಿಂದಾದರೆ ನಾನು 260 ಬಿಡಿಸಬೇಕಿತ್ತು. ಕೊನೆಗೆ ಹೊಸ ಟೈಲ್ಸ್ ಒಡೆದು, ನೆಲ ಅಗೆದು ಪೈಪು ಸರಿಸಿದ್ದಾಯ್ತು.

ಟೈಲ್ಸ್ ಆಗಿದ್ದರೆ ಅದರ ಮೇಲ್ಮೈಯಿಂದಲೇ ಅಳೆಯಿರಿ. ಆಗಿಲ್ಲವಾದರೆ ಪ್ಲಾಸ್ಟರ್, ಟೈಲ್ ಸೇರಿ ಎಷ್ಟು ದಪ್ಪ ಬರುತ್ತೆ ಅಂತ ಮೇಸ್ತ್ರಿಯವರನ್ನು ಕೇಳಿ, ಅಷ್ಟನ್ನು ಕಳೆಯಿರಿ. ಚಿರೆಕಲ್ಲಿನ ಗೋಡೆ ಒಂದೇ ಸಮ ಇರೋದಿಲ್ಲ, ಹಾಗಾಗಿ ಹೆಚ್ಚು ಉಬ್ಬಿದ ಜಾಗದಿಂದ ಟೇಪು ಹಿಡಿಯಿರಿ. ಅಳತೆ ಮುಗಿಯಬೇಕಾದ್ದು ಪೈಪಿನ ಅಂಚಿಗಲ್ಲ, ಮಧ್ಯಕ್ಕೆ. ಆರ್ಡರ್ ಬಟನ್ ಒತ್ತೋದು ಆಮೇಲೆ.