ಪಿಪಿಎಂನಿಂದ ಮೋಲಾರಿಟಿಗೆ: ಬೋರ್‌ವೆಲ್ ವರದಿ ಓದುವಾಗ ಎಡವುವ ಜಾಗಗಳು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಊರುಗಳಲ್ಲಿ ಫ್ಲೋರೈಡ್ ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಗಳೇ ಅದನ್ನು ಹೇಳುತ್ತವೆ. ಅಲ್ಲಿನ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಟ್ಟರೆ ಒಂದು ಹಾಳೆ ಕೈಗೆ ಬರುತ್ತದೆ. ಉದಾಹರಣೆಗೆ, ಅದರಲ್ಲಿ ಎರಡು ಸಾಲು ಹೀಗಿವೆ ಎಂದುಕೊಳ್ಳೋಣ: ಫ್ಲೋರೈಡ್ 3.8 ಪಿಪಿಎಂ, ಕ್ಯಾಲ್ಸಿಯಂ ಗಡಸುತನ 75 ಪಿಪಿಎಂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.0 ಇದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಾಗ 1.5ರವರೆಗೆ ಸಹಿಸಬಹುದು. ಹಾಗಾಗಿ ಈ ನೀರು ಕುಡಿಯಲು ಯೋಗ್ಯವಲ್ಲ. ಅದಕ್ಕೆ ಪಿಪಿಎಂ ಸಾಕು. ಆದರೆ ಫ್ಲೋರೈಡ್ ಅಲ್ಲಿ ಏಕಿದೆ, ಇನ್ನೂ ಏರಬಲ್ಲದೇ ಎಂದು ಕೇಳಿದರೆ ಮೋಲಾರಿಟಿ ಬೇಕು. ಆ ಪರಿವರ್ತನೆಯಲ್ಲಿ ವಿದ್ಯಾರ್ಥಿಗಳೂ ಪ್ರಯೋಗಾಲಯದವರೂ ಮತ್ತೆ ಮತ್ತೆ ಎಡವುವುದನ್ನು ನೋಡಿದ್ದೇನೆ. ಈ ಎರಡು ಸಾಲುಗಳನ್ನೇ ಹಿಡಿದು ಆ ತಪ್ಪುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಪಿಪಿಎಂ ಅಂದರೆ ಲೀಟರಿಗೆ ಮಿಲಿಗ್ರಾಂ, ಎಲ್ಲ ಕಾಲಕ್ಕೂ.

ವಾಸ್ತವ: ಪಿಪಿಎಂ ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ನೀರಿನ ವಿಷಯದಲ್ಲಿ ಅದು ತೂಕಕ್ಕೆ ತೂಕದ ಲೆಕ್ಕ, ಅಂದರೆ ಒಂದು ಕಿಲೋ ನೀರಿನಲ್ಲಿ ಇಷ್ಟು ಮಿಲಿಗ್ರಾಂ. ಕುಡಿಯುವ ನೀರು ಲೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ ತೂಗುವುದರಿಂದ ಎರಡೂ ಒಂದೇ ಆಗಿ ಕಾಣುತ್ತವೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರಿನ ತೂಕ 996 ಗ್ರಾಂ. ಇದರಿಂದಾಗುವ ವ್ಯತ್ಯಾಸ ನೂರಕ್ಕೆ ಅರ್ಧ ಪಾಲಿಗೂ ಕಡಿಮೆ, ನಮ್ಮ ಅಳತೆಯ ತಪ್ಪಿಗಿಂತ ಎಷ್ಟೋ ಚಿಕ್ಕದು. ಬೋರ್‌ವೆಲ್ ನೀರಿಗೆ ಈ ಸಮೀಕರಣವನ್ನು ಧೈರ್ಯವಾಗಿ ಬಳಸಬಹುದು. ಆದರೆ ಸಮುದ್ರದ ನೀರು, ಗಾಢ ಉಪ್ಪುನೀರು ಬಂದಾಗ ಲೀಟರಿನ ತೂಕವನ್ನು ಮೊದಲು ನೋಡಬೇಕು. ಗಾಳಿಯಲ್ಲಿನ ಅನಿಲಕ್ಕೆ ಹೇಳುವ ಪಿಪಿಎಂ ಅಂತೂ ಗಾತ್ರದ ಲೆಕ್ಕ, ಅದಕ್ಕೆ ಈ ದಾರಿ ಸಲ್ಲುವುದೇ ಇಲ್ಲ.

ತಪ್ಪು ಕಲ್ಪನೆ: ಪಿಪಿಎಂ ಅನ್ನು ಅಣುತೂಕದಿಂದ ಭಾಗಿಸಿದರೆ ಮೋಲಾರಿಟಿ ಬರುತ್ತದೆ.

ವಾಸ್ತವ: ಬರುವುದು ಮಿಲಿಮೋಲ್. ಪಿಪಿಎಂನಲ್ಲಿ ಇರುವುದು ಮಿಲಿಗ್ರಾಂ, ಅಣುತೂಕ ಇರುವುದು ಗ್ರಾಂನಲ್ಲಿ. ನಡುವಿನ ಸಾವಿರವನ್ನು ಮರೆತರೆ ಉತ್ತರ ಸಾವಿರಪಟ್ಟು ಹಿಗ್ಗುತ್ತದೆ. ಪಿಯು ಪಠ್ಯಪುಸ್ತಕದಲ್ಲಿ 15 ಪಿಪಿಎಂ ಕ್ಲೋರೋಫಾರ್ಮ್ ಬೆರೆತ ಕುಡಿಯುವ ನೀರಿನ ಲೆಕ್ಕವೊಂದಿದೆ. ಎಷ್ಟೋ ಮಕ್ಕಳು 15 ಅನ್ನು 119.5ರಿಂದ ಭಾಗಿಸಿ 0.125 ಎಂದು ಬರೆದು ಪೆನ್ನು ಕೆಳಗಿಡುತ್ತಾರೆ. ಸರಿಯಾದದ್ದು 0.000125. ಅಲ್ಲಿ ಕೇಳಿರುವುದು ಮೋಲಾಲಿಟಿ, ಮೋಲಾರಿಟಿಯಲ್ಲ. ಇಷ್ಟು ತೆಳುವಾದ ನೀರಿನಲ್ಲಿ ಎರಡರ ಬೆಲೆಯೂ ಒಂದೇ ಎನ್ನುವಷ್ಟು ಹತ್ತಿರ ಇರುತ್ತದೆ ಅಷ್ಟೇ.

ನಮ್ಮ ವರದಿಯ ಫ್ಲೋರೈಡಿಗೆ ಬರೋಣ. ಫ್ಲೋರಿನ್‌ನ ಪರಮಾಣು ತೂಕ 19.

```
3.8 ÷ 19 = 0.20 mmol/L
0.20 ÷ 1000 = 2.0 × 10⁻⁴ mol/L
```

ತಪ್ಪನ್ನು ಕಣ್ಣಲ್ಲೇ ಹಿಡಿಯಲು ಒಂದು ದಾರಿ ಇದೆ. ಕುಡಿಯುವ ನೀರಿನ ಮಾಲಿನ್ಯಕ್ಕೆ 0.2 ಮೋಲಾರ್ ಎಂಬ ಉತ್ತರ ಬಂದರೆ ಹಿಂದಕ್ಕೆ ಗುಣಿಸಿ ನೋಡಿ: ಲೀಟರಿಗೆ 3.8 ಗ್ರಾಂ ಫ್ಲೋರೈಡ್ ಆಯಿತು. ಅದು ಕುಡಿಯುವ ನೀರಲ್ಲ, ವಿಷದ ದ್ರಾವಣ.

ತಪ್ಪು ಕಲ್ಪನೆ: ಫ್ಲೋರೈಡ್ ಸೋಡಿಯಂ ಫ್ಲೋರೈಡ್ ಆಗಿಯೇ ನೀರಿಗೆ ಬರುತ್ತದೆ, ಆದ್ದರಿಂದ 42ರಿಂದ ಭಾಗಿಸಬೇಕು.

ವಾಸ್ತವ: ವರದಿಯ 3.8 ಎಂಬುದು ಫ್ಲೋರೈಡ್ ಅಯಾನಿನ ತೂಕ ಮಾತ್ರ. ನೀರಿನಲ್ಲಿ ಅದು ಯಾವ ಲವಣದಿಂದ ಬಂತು ಎಂಬ ಗುರುತು ಉಳಿದಿರುವುದಿಲ್ಲ. ಸೋಡಿಯಂ ತನ್ನಷ್ಟಕ್ಕೆ, ಫ್ಲೋರೈಡ್ ತನ್ನಷ್ಟಕ್ಕೆ. ಭಾಗಿಸಬೇಕಾದ್ದು 19ರಿಂದಲೇ.

42 ಎಂಬ ಅಂಕಿಗೂ ಒಂದು ಜಾಗವಿದೆ, ಅದು ತಕ್ಕಡಿಯ ಮುಂದೆ. ಉಪಕರಣವನ್ನು ಹೊಂದಿಸಲು ಗೊತ್ತಿರುವ ಸಾರದ ಫ್ಲೋರೈಡ್ ದ್ರಾವಣ ಬೇಕು. ಒಣಗಿಸಿದ ಸೋಡಿಯಂ ಫ್ಲೋರೈಡಿನ ಬಿಳಿ ಪುಡಿಯನ್ನು 221 ಮಿಲಿಗ್ರಾಂ ತೂಗಿ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಸರಿಯಾಗಿ ಒಂದು ಲೀಟರ್ ಮಾಡಿದರೆ 100 ಪಿಪಿಎಂ ಫ್ಲೋರೈಡ್ ಸಿದ್ಧ. ಅದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತಾರೆ, ಗಾಜಿನದ್ದರಲ್ಲಿ ಅಲ್ಲ. ಹೊಸಬರು ಇಲ್ಲಿ '100 ಪಿಪಿಎಂ ಬೇಕು, 100 ಮಿಲಿಗ್ರಾಂ ಹಾಕಿದೆ' ಎನ್ನುತ್ತಾರೆ. ಹಾಗೆ ಮಾಡಿದಾಗ ಬಾಟಲಿಯೊಳಗೆ ನಿಜಕ್ಕೂ ಇರುವುದು 45 ಪಿಪಿಎಂ ಫ್ಲೋರೈಡ್. ಚೀಟಿಯಲ್ಲಿ ಮಾತ್ರ 100. ಅದನ್ನು ನಂಬಿ ಹೊಂದಿಸಿದ ಉಪಕರಣ 1.0 ಇರುವ ಒಳ್ಳೆಯ ನೀರನ್ನು 2.2 ಎಂದು ತೋರಿಸುತ್ತದೆ, ಚೆನ್ನಾಗಿರುವ ಬೋರ್‌ವೆಲ್‌ಗೆ ಕೆಂಪು ಬಣ್ಣ ಬಳಿಯಬೇಕಾಗುತ್ತದೆ. ಬೆಂಗಳೂರಿನಿಂದ ತರಿಸಿದ ಸಿದ್ಧ ದ್ರಾವಣವನ್ನು ಒಮ್ಮೆ ಪಕ್ಕಕ್ಕಿಟ್ಟು ಅಳೆದರೆ ಈ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ತಪ್ಪು ಕಲ್ಪನೆ: ಕ್ಯಾಲ್ಸಿಯಂ 75 ಪಿಪಿಎಂ ಇದೆ, ಕ್ಯಾಲ್ಸಿಯಂನ ತೂಕ 40, ಭಾಗಿಸಿದರೆ ಆಯಿತು.

ವಾಸ್ತವ: ನನ್ನ ಪ್ರಕಾರ ಇದು ಎಲ್ಲಕ್ಕಿಂತ ಕೆಟ್ಟ ತಪ್ಪು, ಏಕೆಂದರೆ ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ. ಸಾವಿರಪಟ್ಟು ತಪ್ಪು ಕಣ್ಣಿಗೆ ಚುಚ್ಚುತ್ತದೆ. ಎರಡೂವರೆ ಪಟ್ಟು ತಪ್ಪು ಸದ್ದಿಲ್ಲದೆ ಕೂತಿರುತ್ತದೆ. ಆ ಸಾಲಿನ ಕೊನೆಯ ಮಾತನ್ನು ಮತ್ತೆ ಓದಿ: 'ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ'. ಗಡಸುತನವನ್ನು ಹೇಳುವ ಹಳೆಯ ರೂಢಿ ಇದು. ನೀರಿನಲ್ಲಿರುವ ಕ್ಯಾಲ್ಸಿಯಂ ಪೂರ್ತಿ ಸುಣ್ಣಕಲ್ಲಾಗಿ ಕೂತಿದ್ದರೆ ಎಷ್ಟು ತೂಗುತ್ತಿತ್ತು ಎಂಬುದೇ ಈ 75. ಸುಣ್ಣಕಲ್ಲಿನ ಅಣುತೂಕ 100, ಆದ್ದರಿಂದ ಭಾಗಿಸಬೇಕಾದ್ದು 100ರಿಂದ.

```
75 ÷ 100 = 0.75 mmol/L = 7.5 × 10⁻⁴ mol/L
```

ಕ್ಯಾಲ್ಸಿಯಂ ಅಷ್ಟನ್ನೇ ತೂಗಿದರೆ ಅದು 30 ಪಿಪಿಎಂ. 40ರಿಂದ ಭಾಗಿಸಿದವರು 1.9 ಮಿಲಿಮೋಲ್ ಎಂದು ಬರೆದಿರುತ್ತಾರೆ.

ನೈಟ್ರೇಟ್‌ನಲ್ಲೂ ಇದೇ ಬಲೆ. ನಮ್ಮ ಮಾನಕದ ಮಿತಿ 45 ಪಿಪಿಎಂ, ನೈಟ್ರೇಟ್ ಲೆಕ್ಕದಲ್ಲಿ. ಅಮೆರಿಕದ ಮಿತಿ 10, ಆದರೆ ನೈಟ್ರೋಜನ್ ಲೆಕ್ಕದಲ್ಲಿ. ಅವರದ್ದು ನಾಲ್ಕೂವರೆ ಪಟ್ಟು ಬಿಗಿ ಎಂದು ಹೇಳುವವರಿದ್ದಾರೆ. 45 ಅನ್ನು 62ರಿಂದ, 10 ಅನ್ನು 14ರಿಂದ ಭಾಗಿಸಿ: 0.73, 0.71 ಮಿಲಿಮೋಲ್. ಎರಡೂ ಹೆಚ್ಚುಕಡಿಮೆ ಒಂದೇ ಮಿತಿ.

ತಪ್ಪು ಕಲ್ಪನೆ: ಮೋಲಾರಿಟಿ ಪರೀಕ್ಷೆಗೆ ಮಾತ್ರ, ನೀರಿನ ಕೆಲಸಕ್ಕೆ ಪಿಪಿಎಂ ಸಾಕು.

ವಾಸ್ತವ: ಫ್ಲೋರೈಡ್ ಎಷ್ಟು ಕರಗಿರಬಹುದು ಎಂಬುದನ್ನು ಕ್ಯಾಲ್ಸಿಯಂ ತಡೆದು ಹಿಡಿದಿರುತ್ತದೆ. ಎರಡೂ ಹೆಚ್ಚಾದರೆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳ ಸೇರುತ್ತವೆ. ಒಂದು ಕ್ಯಾಲ್ಸಿಯಂ ಅಯಾನಿಗೆ ಎರಡು ಫ್ಲೋರೈಡ್ ಅಯಾನು ಜೊತೆಯಾಗುವುದರಿಂದ ಇಲ್ಲಿ ಎಣಿಸಬೇಕಾದ್ದು ತಲೆಗಳನ್ನು, ತೂಕವನ್ನಲ್ಲ. ಮೋಲ್ ಎಂಬುದು ಆ ತಲೆಲೆಕ್ಕವೇ. 25 ಡಿಗ್ರಿಯಲ್ಲಿ ಕ್ಯಾಲ್ಸಿಯಂ ಫ್ಲೋರೈಡಿನ ಕರಗುವ ಮಿತಿ, ಅಂದರೆ Ksp, ಸುಮಾರು 3.5 × 10⁻¹¹. ಇದನ್ನು ಮೋಲಾರಿಟಿಯಲ್ಲೇ ಕೊಟ್ಟಿರುತ್ತಾರೆ. ಪಿಪಿಎಂ ಅನ್ನು ಇದರೊಳಗೆ ಹಾಕಿದರೆ ಅರ್ಥವಿಲ್ಲ.

```
[Ca²⁺] × [F⁻]² = 7.5 × 10⁻⁴ × (2.0 × 10⁻⁴)² = 3.0 × 10⁻¹¹
```

ಗುಣಲಬ್ಧ ಮಿತಿಗಿಂತ ಕೆಳಗಿದೆ. ನಿಜವಾದ ನೀರಿನಲ್ಲಿ ಬೇರೆ ಲವಣಗಳೂ ಇರುವುದರಿಂದ ಅಯಾನುಗಳ ಪರಿಣಾಮ ತಗ್ಗಿ, ಈ ಸಂಖ್ಯೆ ಸಾಧಾರಣ ಉಪ್ಪಿನಂಶದ ಬೋರ್‌ವೆಲ್‌ನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ. ಅಂದರೆ ಈ ನೀರು ಇನ್ನೂ ಫ್ಲೋರೈಡನ್ನು ಕರಗಿಸಿಕೊಳ್ಳಬಲ್ಲದು, ಕಲ್ಲಿನಲ್ಲಿ ಇದ್ದರೆ 3.8 ಮೇಲಕ್ಕೂ ಹೋಗಬಹುದು. ಈಗ ಕ್ಯಾಲ್ಸಿಯಂ 1.9 ಎಂದು ತಪ್ಪು ಬರೆದವರ ಲೆಕ್ಕ ನೋಡಿ: 7.5 × 10⁻¹¹. ಅರ್ಧಕ್ಕಿಳಿಸಿದರೂ ಮಿತಿಯ ಮೇಲೆಯೇ. ಅವರ ಪ್ರಕಾರ ಫ್ಲೋರೈಡ್ ತಾನಾಗಿಯೇ ತಳಕ್ಕಿಳಿಯುತ್ತಿರಬೇಕು, ಚಿಂತೆಯಿಲ್ಲ. ಒಂದೇ ಹಾಳೆ, ಒಂದೇ ನೀರು, ತದ್ವಿರುದ್ಧ ತೀರ್ಪು.

ಇದೇ ಸೂತ್ರ ಹಳ್ಳಿಯ ಒಂದು ನಂಬಿಕೆಯನ್ನೂ ಅಲುಗಾಡಿಸುತ್ತದೆ. ಬೇಳೆ ಬೇಗ ಬೇಯುವ, ಸೋಪು ಚೆನ್ನಾಗಿ ನೊರೆ ಬರುವ ನೀರು ಒಳ್ಳೆಯ ನೀರು ಎನ್ನುತ್ತೇವೆ. ಅದು ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರು. ನಮ್ಮ ಬೋರ್‌ವೆಲ್‌ನ ಕ್ಯಾಲ್ಸಿಯಂ ಐದನೇ ಒಂದಕ್ಕೆ, ಅಂದರೆ 0.15 ಮಿಲಿಮೋಲ್‌ಗೆ ಇಳಿದರೆ ಫ್ಲೋರೈಡ್ ಏರಬಹುದಾದ ಮಿತಿ 4.1 ಪಿಪಿಎಂನಿಂದ 9 ಪಿಪಿಎಂ ದಾಟುತ್ತದೆ. ಬಂಡೆಯಲ್ಲಿ ಫ್ಲೋರೈಡ್ ಇರುವ ಸೀಮೆಗಳಲ್ಲಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು ಇರುವ ಬಾವಿಗಳಲ್ಲೇ ಫ್ಲೋರೈಡ್ ಹೆಚ್ಚು ಕಾಣಲು ಇದೊಂದು ಕಾರಣ. ಕುದಿಸುವುದರಿಂದಲೂ ಉಪಯೋಗವಿಲ್ಲ. ಕ್ಯಾಲ್ಸಿಯಂ ಬಿಳಿ ಹೊಪ್ಪಳೆಯಾಗಿ ಪಾತ್ರೆಗೆ ಅಂಟುತ್ತದೆ, ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದ ನೀರಿನಲ್ಲಿ ಇನ್ನಷ್ಟು ಸಾರವಾಗುತ್ತದೆ.

ತಪ್ಪು ಕಲ್ಪನೆ: ಮೋಲಾರಿಟಿ ಹೆಚ್ಚಿದ್ದರೆ ಅಪಾಯವೂ ಹೆಚ್ಚು.

ವಾಸ್ತವ: ಒಂದೇ ವಸ್ತುವಿಗೆ ಹೌದು, ಎರಡು ವಸ್ತುಗಳ ನಡುವೆ ಅಲ್ಲ. ಫ್ಲೋರೈಡಿನ 1.5 ಪಿಪಿಎಂ ಎಂದರೆ 7.9 × 10⁻⁵ ಮೋಲಾರ್. ಆರ್ಸೆನಿಕ್‌ನ ಮಿತಿ 0.01 ಪಿಪಿಎಂ, ಅಂದರೆ 1.3 × 10⁻⁷ ಮೋಲಾರ್. ತಲೆಲೆಕ್ಕದಲ್ಲಿ ಸುಮಾರು 600 ಪಟ್ಟು ಕಡಿಮೆ ಇದ್ದಾಗಲೇ ಆರ್ಸೆನಿಕ್‌ಗೆ ಗೆರೆ ಎಳೆಯಬೇಕಾಗಿದೆ. ಮೋಲಾರಿಟಿ ಎಷ್ಟು ಕಣಗಳಿವೆ ಎಂದು ಹೇಳುತ್ತದೆ. ಆ ಕಣ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಹೇಳಬೇಕು.

ನಿಮ್ಮೂರಿನ ಬೋರ್‌ವೆಲ್ ವರದಿ ಕೈಗೆ ಬಂದಾಗ ಅಂಕಿಗಿಂತ ಮೊದಲು ಅದರ ಪಕ್ಕದ 'ಯಾವ ಲೆಕ್ಕದಲ್ಲಿ' ಎಂಬ ಮಾತನ್ನು ಓದಿ. ಅದನ್ನು ಬರೆದಿರದಿದ್ದರೆ ಪರೀಕ್ಷೆ ಮಾಡಿದವರನ್ನೇ ಕೇಳಿ ಬರೆಸಿಕೊಳ್ಳಿ, ಆಮೇಲೆ ಭಾಗಿಸಿ.